ಗೋಡೆಯಲ್ಲಿ 7.4 ಕಿಲೋವ್ಯಾಟ್, ಕಾರಿನೊಳಗೆ 3.3 ಮಾತ್ರ ಯಾಕೆ?

ರಾಯಚೂರಿನಲ್ಲಿ ಎಲೆಕ್ಟ್ರಿಕ್ ಕಾರು ಕೊಂಡವರಿಂದ ಪದೇ ಪದೇ ಬರುವ ದೂರು ಒಂದಿದೆ. ಮೊದಲು 15 ಆಂಪಿಯರ್ ಸಾಕೆಟ್‌ನಲ್ಲಿ ರಾತ್ರಿಯಿಡೀ ಚಾರ್ಜ್ ಆಗುತ್ತಿತ್ತು, ಖರ್ಚು ಮಾಡಿ ಗೋಡೆಗೆ 7.4 ಕಿಲೋವ್ಯಾಟ್ ಪೆಟ್ಟಿಗೆ ಹಾಕಿಸಿದರೂ ಅಷ್ಟೇ ಹೊತ್ತು ಹಿಡಿಯುತ್ತದೆ ಎಂದು. ಪೆಟ್ಟಿಗೆಯಲ್ಲಿ ದೋಷವಿಲ್ಲ. ನಾವು ಅದನ್ನು ಚಾರ್ಜರ್ ಎಂದು ಕರೆಯುತ್ತೇವಾದರೂ ನಿಜವಾದ ಚಾರ್ಜರ್ ಕಾರಿನೊಳಗಿದೆ.

ಇದರ ಬೇರು ನೂರು ವರ್ಷಕ್ಕೂ ಹಿಂದಿನದು. 1882ರಲ್ಲಿ ನ್ಯೂಯಾರ್ಕ್‌ನಲ್ಲಿ ಎಡಿಸನ್ ಶುರು ಮಾಡಿದ ವಿದ್ಯುತ್ ಕೇಂದ್ರ ಡಿಸಿಯದ್ದು, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನದ್ದು. ಆದರೆ ಟ್ರಾನ್ಸ್‌ಫಾರ್ಮರ್‌ನಿಂದ ವೋಲ್ಟೇಜ್ ಏರಿಸಿ ದೂರಕ್ಕೆ ಕಳಿಸುವುದು ಮತ್ತೆ ಮತ್ತೆ ದಿಕ್ಕು ಬದಲಿಸುವ ಎಸಿಗೆ ಮಾತ್ರ ಸುಲಭವಾಗಿತ್ತು, ಅದೇ ಗೆದ್ದಿತು. ನಮ್ಮಲ್ಲೂ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದದ್ದು ಎಸಿ. ಇವತ್ತು ಶಕ್ತಿನಗರದ ಉಷ್ಣ ಸ್ಥಾವರದಿಂದ ಹೊರಡುವುದೂ ಎಸಿಯೇ. ಬ್ಯಾಟರಿಗೆ ಮಾತ್ರ ಡಿಸಿ ಬಿಟ್ಟು ಬೇರೇನೂ ಒಗ್ಗುವುದಿಲ್ಲ. ಹಾಗಾಗಿ ಎಸಿಯನ್ನು ಎಲ್ಲೋ ಒಂದು ಕಡೆ ಡಿಸಿ ಮಾಡಲೇಬೇಕು. ಆ ಕೆಲಸ ಕಾರಿನ ಹೊರಗೆ ನಡೆಯಬೇಕೋ ಒಳಗೋ ಎಂಬುದರ ಸುತ್ತಲೇ ಚಾರ್ಜಿಂಗ್‌ನ ಚರಿತ್ರೆಯೆಲ್ಲ ತಿರುಗಿದೆ.

ಇಪ್ಪತ್ತನೇ ಶತಮಾನದ ಆರಂಭದ ಎಲೆಕ್ಟ್ರಿಕ್ ಕಾರುಗಳಿಗೆ ಅದು ಹೊರಗೆ, ಗ್ಯಾರೇಜಿನಲ್ಲಿ ನಡೆಯುತ್ತಿತ್ತು. ಎಸಿಯನ್ನು ಡಿಸಿ ಮಾಡುತ್ತಿದ್ದ, ಪಾದರಸದ ಆವಿ ತುಂಬಿದ ಗಾಜಿನ ಬುರುಡೆಯ ರೆಕ್ಟಿಫೈಯರ್ ಅನ್ನು ಕಾರಿನಲ್ಲಿ ಹೊತ್ತು ತಿರುಗುವಂತಿರಲಿಲ್ಲ. ಮುಂದೆ ಸೆಮಿಕಂಡಕ್ಟರ್ ಸ್ವಿಚ್‌ಗಳು ಬಂದವು. 50 ಹರ್ಟ್ಸ್‌ನ ಬದಲು ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಮಾಡಿದರೆ ಟ್ರಾನ್ಸ್‌ಫಾರ್ಮರ್ ಅಂಗೈಯಗಲಕ್ಕೆ ಇಳಿಯುತ್ತದೆ. ಆಗ ಚಾರ್ಜರ್ ಕಾರಿನೊಳಗೆ ಕೂತಿತು, ಎಲ್ಲಿ ಸಾಕೆಟ್ ಸಿಕ್ಕರೂ ಸಾಕು ಎಂದಾಯಿತು. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಮನೆಯ 15 ಆಂಪಿಯರ್ ಸಾಕೆಟ್‌ನಲ್ಲೇ ಚಾರ್ಜ್ ಆಗುತ್ತಿತ್ತು. ರೆನೊ ಜೋ ಕಾರು ಮೋಟಾರಿನ ಸುರುಳಿಗಳನ್ನೇ ಚಾರ್ಜರ್‌ನ ಭಾಗವಾಗಿ ಬಳಸಿ 43 ಕಿಲೋವ್ಯಾಟ್ ಎಸಿ ತೆಗೆದುಕೊಳ್ಳುವವರೆಗೂ ಹೋಯಿತು. ಆದರೆ ಅಷ್ಟು ದೊಡ್ಡ ಎಸಿ ಸಂಪರ್ಕ ಯಾರ ಮನೆಯಲ್ಲೂ ಇರುವುದಿಲ್ಲ. ಹಾಗಾಗಿ ಉದ್ಯಮ ಎರಡು ದಾರಿ ಮಾಡಿಕೊಂಡಿತು: ಕಾರಿನೊಳಗೆ ಚಿಕ್ಕ ಚಾರ್ಜರ್, ಹೆದ್ದಾರಿಯಲ್ಲಿ ದೊಡ್ಡ ಡಿಸಿ ಯಂತ್ರ. ನನ್ನ ಪ್ರಕಾರ ಇದು ಸರಿಯಾದ ತೀರ್ಮಾನ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಶಕ್ತಿಗಾಗಿ ದಿನವೂ ಭಾರ ಹೊತ್ತು ಓಡಿಸುವುದರಲ್ಲಿ ಅರ್ಥವಿಲ್ಲ.

ಈಗ ರಾಯಚೂರಿನ ಗೋಡೆಗೆ ಬರೋಣ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್, ಆನ್‌ಬೋರ್ಡ್ ಚಾರ್ಜರ್ 3.3 ಕಿಲೋವ್ಯಾಟ್. ಕೇಬಲ್ ತುದಿಯ ಗನ್ ಅನ್ನು ಕಾರಿಗೆ ಸಿಕ್ಕಿಸಿದಾಗ ಗೋಡೆಯ ಪೆಟ್ಟಿಗೆ ಒಂದು ಸಣ್ಣ ತಂತಿಯ ಮೂಲಕ ಸಂಕೇತ ಕಳಿಸುತ್ತದೆ. ಅದರ ಅರ್ಥ 'ನನ್ನಿಂದ ಗರಿಷ್ಠ 32 ಆಂಪಿಯರ್ ಎಳೆಯಬಹುದು' ಎಂದಷ್ಟೇ. ಎಷ್ಟು ಎಳೆಯಬೇಕೆಂದು ತೀರ್ಮಾನಿಸುವುದು ಕಾರು, ಅದು ಎಳೆಯುವುದು ಸುಮಾರು 15. ಅದರಲ್ಲಿ ಹತ್ತನೇ ಒಂದು ಭಾಗ ಶಾಖವಾಗಿ ಹೋದರೆ ಬ್ಯಾಟರಿಗೆ ಗಂಟೆಗೆ 3 ಯೂನಿಟ್ ಸೇರುತ್ತದೆ. ಶೇಕಡಾ 20ರಿಂದ 100ಕ್ಕೆ ಬೇಕಾದ 24 ಯೂನಿಟ್‌ಗೆ 8 ಗಂಟೆ. ತ್ರೀ-ಫೇಸ್‌ನ 22 ಕಿಲೋವ್ಯಾಟ್ ಪೆಟ್ಟಿಗೆ ಹಾಕಿದರೂ ಅದೇ 8 ಗಂಟೆ. 2022ರ ನೆಕ್ಸಾನ್ ಇವಿ ಮ್ಯಾಕ್ಸ್‌ನಲ್ಲಿ 7.2 ಕಿಲೋವ್ಯಾಟ್ ಆನ್‌ಬೋರ್ಡ್ ಚಾರ್ಜರ್‌ನ ಆಯ್ಕೆ ಬಂತು, ಅಂಥ ಕಾರಿಗೆ ಮಾತ್ರ ಆ ದುಬಾರಿ ಪೆಟ್ಟಿಗೆ ಸಾರ್ಥಕ.

ಡಿಸಿ ಯಂತ್ರದಲ್ಲಿ ರೆಕ್ಟಿಫೈಯರ್ ಹೊರಗಿನ ಬೀರುವಿನೊಳಗಿರುತ್ತದೆ. ಗನ್ನಿನ ಕೆಳಗಿನ ಎರಡು ದಪ್ಪ ಪಿನ್ನುಗಳಿಂದ ಡಿಸಿ ಆನ್‌ಬೋರ್ಡ್ ಚಾರ್ಜರ್ ಅನ್ನು ಮುಟ್ಟದೆ ನೇರ ಬ್ಯಾಟರಿ ಸೇರುತ್ತದೆ. 25 ಕಿಲೋವ್ಯಾಟ್ ಯಂತ್ರವಾದರೆ ಅದೇ ಕಾರು 20ರಿಂದ 80ಕ್ಕೆ ಏರಲು ಮುಕ್ಕಾಲು ಗಂಟೆಯ ಆಸುಪಾಸು. 80 ದಾಟಿದ ಮೇಲೆ ಬ್ಯಾಟರಿಯೇ ವೇಗ ತಗ್ಗಿಸುತ್ತದೆ.

ಮನೆಯ ಎಸಿಯಲ್ಲಿ ಕೆಡುವುದು ಹೆಚ್ಚಾಗಿ ವೈರಿಂಗ್. ಲೈನಿನ ಕೊನೆಯ ಹಳ್ಳಿಯಲ್ಲಿ ವೋಲ್ಟೇಜ್ 190ಕ್ಕೆ ಇಳಿದರೂ ಕಾರು 15 ಆಂಪಿಯರ್ ಮೀರುವುದಿಲ್ಲ, ಹಾಗಾಗಿ 8 ಗಂಟೆಯ ಕೆಲಸ 9 ದಾಟುತ್ತದೆ. ಸಾಕೆಟ್‌ನ ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿದರೆ ಆ ಒಂದೇ ಬಿಂದುವಿನಲ್ಲಿ 110 ವ್ಯಾಟ್‌ಗೂ ಹೆಚ್ಚು ಶಾಖ ಏಳುತ್ತದೆ. ಮಿಕ್ಸಿ ಹತ್ತು ನಿಮಿಷಕ್ಕೆ ನಿಲ್ಲುತ್ತದೆ, ಕಾರು ಎಂಟು ಗಂಟೆ ನಿಲ್ಲುವುದಿಲ್ಲ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮೈ ಮುಟ್ಟಲಾರದಷ್ಟು ಸುಡುತ್ತಿದ್ದರೆ ಮೇನ್ ಆಫ್ ಮಾಡಿ ವೈರ್‌ಮನ್‌ನನ್ನು ಕರೆಸಿ.

ಇನ್ನೊಂದು ನಮ್ಮ ಬೇಸಿಗೆಯ ಕಾಟ. ಏಪ್ರಿಲ್–ಮೇನಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ಬಿರಿದರೆ ಭೂಮಿಯ ಸಂಪರ್ಕ ದುರ್ಬಲವಾಗುತ್ತದೆ. ಕೇಬಲ್ ಜೊತೆಗಿನ ಪೆಟ್ಟಿಗೆ ಅದನ್ನು ಪತ್ತೆ ಹಚ್ಚಿ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಮಲ್ಟಿಮೀಟರ್‌ನಲ್ಲಿ ಫೇಸ್–ನ್ಯೂಟ್ರಲ್ ನಡುವೆ 230 ಬಂದು ಫೇಸ್–ಅರ್ಥ್ ನಡುವೆ ಅದಕ್ಕಿಂತ ತೀರಾ ಕಡಿಮೆ ಬಂದರೆ ತೊಂದರೆ ಅರ್ಥಿಂಗ್‌ನದ್ದೇ. ಗುಂಡಿಗೆ ನಿಯಮಿತವಾಗಿ ನೀರು ಹಾಕಬೇಕು. ಅರ್ಥ್ ಪಿನ್ನಿಗೆ ನ್ಯೂಟ್ರಲ್ ಜೋಡಿಸಿ ಪೆಟ್ಟಿಗೆಗೆ ಮೋಸ ಮಾಡುವ ಚಾಳಿ ಕೆಲವೆಡೆ ಇದೆ. ದಯವಿಟ್ಟು ಬೇಡ, ಆ ನ್ಯೂಟ್ರಲ್ ಕಡಿದುಹೋದ ದಿನ ಕಾರಿನ ಇಡೀ ಮೈಗೆ ಕರೆಂಟ್ ಬರುತ್ತದೆ.

ಮನೆಯಲ್ಲಿ ಚಾರ್ಜ್ ಆಗದ ಕಾರನ್ನು ಅರ್ಥಿಂಗ್ ಚೆನ್ನಾಗಿರುವ ಬೇರೊಂದು ಸಾಕೆಟ್‌ಗೆ ಹಾಕಿ ನೋಡಿ. ಅಲ್ಲಿ ಆದರೆ ದೋಷ ಮನೆಯದ್ದು. ಅಲ್ಲೂ ಆಗದೆ ಇನ್ನೊಂದು ಕೇಬಲ್‌ನಲ್ಲೂ ಆಗದೆ ಡಿಸಿ ಯಂತ್ರದಲ್ಲಿ ಮಾತ್ರ ಸಲೀಸಾಗಿ ಆಗುತ್ತಿದ್ದರೆ ಬ್ಯಾಟರಿಯ ಬಗ್ಗೆ ಗಾಬರಿ ಬೇಡ. ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಆನ್‌ಬೋರ್ಡ್ ಚಾರ್ಜರ್ ಪರೀಕ್ಷಿಸಲು ಹೇಳಿ.