ತಾಳೆಯಾದ ತಾಳೆಪಟ್ಟಿಯೊಳಗೆ ಎರಡು ತಪ್ಪು

ಸರಿದೂಗುವ ತಪ್ಪುಗಳ ಬಗ್ಗೆ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಸಾಮಾನ್ಯವಾಗಿ ಎರಡು ಸಾಲು ಇರುತ್ತದೆ. ಒಂದು ತಪ್ಪಿನ ಪರಿಣಾಮವನ್ನು ಇನ್ನೊಂದು ತಪ್ಪು ಅಳಿಸಿಹಾಕುತ್ತದೆ, ಹಾಗಾಗಿ ತಾಳೆಪಟ್ಟಿಯಲ್ಲಿ ಏನೂ ಕಾಣುವುದಿಲ್ಲ, ಅಷ್ಟೆ. ಓದಲು ಸುಲಭ. ಆದರೆ ಅವುಗಳಲ್ಲಿ ಒಂದೇ ಒಂದು ಸಿಕ್ಕಾಗ ಏನಾಗುತ್ತದೆ ಅನ್ನುವುದೇ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ ಭಾಗ. ಅದಕ್ಕೆ ಒಂದು ಪುಟ್ಟ ಕಥೆ ಕಟ್ಟಿದ್ದೇನೆ. ಲೆಕ್ಕ ಹಗುರವಾಗಿರಲಿ ಅಂತ ಜಿಎಸ್‌ಟಿಯನ್ನು ಬದಿಗಿಟ್ಟಿದ್ದೇನೆ.

ಭವ್ಯ ಬಿ.ಕಾಂ. ಮುಗಿಸಿ ತುಮಕೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಅಲ್ಲಿ ಇನ್ನೂ ಕೈಬರಹದ ಪುಸ್ತಕಗಳೇ. ಮಾರ್ಚ್ 31ಕ್ಕೆ ಅವಳು ತಾಳೆಪಟ್ಟಿ ಹಾಕಿದಳು. ಡೆಬಿಟ್ ₹8,89,150. ಕ್ರೆಡಿಟ್ ₹8,89,150. ಮೊದಲ ಸಲಕ್ಕೇ ಸರಿಹೋಯಿತು.

ಏಪ್ರಿಲ್‌ನಲ್ಲಿ ಪೇಂಟ್ ಸಪ್ಲೈ ಮಾಡುವವರಿಂದ ಬಾಕಿ ವಿವರ ಬಂತು. ಅವರ ಪ್ರಕಾರ ಅಂಗಡಿ ಕೊಡಬೇಕಾದದ್ದು ₹22,150. ಭವ್ಯಳ ಲೆಡ್ಜರ್‌ನಲ್ಲಿ ₹21,250. ಒಂಬೈನೂರು ರೂಪಾಯಿ ವ್ಯತ್ಯಾಸ. ಅವಳು ಬಿಲ್‌ಗಳನ್ನು ಒಂದೊಂದಾಗಿ ನೋಡಿದಳು. ಫೆಬ್ರವರಿಯ ಒಂದು ಬಿಲ್ ₹13,250. ಖರೀದಿ ಪುಸ್ತಕದಲ್ಲಿ ಸರಿಯಾಗಿಯೇ ಬರೆದಿತ್ತು. ಅಲ್ಲಿಂದ ಸಪ್ಲೈಯರ್ ಖಾತೆಗೆ ಪೋಸ್ಟ್ ಮಾಡುವಾಗ ₹12,350 ಆಗಿತ್ತು. ಎರಡು ಅಂಕಿ ಅದಲುಬದಲು.

ಖಾತೆಯ ಕ್ರೆಡಿಟ್ ಬದಿಗೆ ₹900 ಸೇರಿಸಿ, ಬಿಲ್ ನಂಬರ್ ಬರೆದು, ತಾಳೆಪಟ್ಟಿಯ ಮೊತ್ತವನ್ನೂ ತಿದ್ದಿದಳು. ಈಗ ಕ್ರೆಡಿಟ್ ₹8,90,050. ಡೆಬಿಟ್ ಅದೇ ₹8,89,150. ತಾಳೆಪಟ್ಟಿ ಕೆಟ್ಟಿತು.

"ರಾಮಣ್ಣ, ತಪ್ಪು ಸರಿ ಮಾಡಿದ್ದಕ್ಕೇ ತಪ್ಪಾಯ್ತಲ್ಲ! ಈ ಒಂಬೈನೂರು ವಾಪಸ್ ತೆಗೆದುಬಿಡಲಾ?" ಅಂತ ಅವಳು ಅಂಗಡಿಯ ಹಳೇ ಗುಮಾಸ್ತರನ್ನು ಕೇಳಿದಳು.

"ಬಿಲ್ ನೋಡಿಯೇ ತಾನೇ ತಿದ್ದಿದ್ದು?"

"ಹೌದು."

"ಹಾಗಾದ್ರೆ ಅದನ್ನ ಮುಟ್ಟಬೇಡಮ್ಮ. ಇನ್ನೊಂದು ಎಲ್ಲೋ ಇದೆ, ಹುಡುಕು."

ಇಲ್ಲಿ ಸ್ವಲ್ಪ ನಿಲ್ಲೋಣ. ತಾಳೆಪಟ್ಟಿ ನೋಡುವುದು ಎರಡು ಬದಿಯ ಮೊತ್ತ ಸಮ ಇದೆಯಾ ಅನ್ನುವುದನ್ನು ಮಾತ್ರ. ಬಿಲ್‌ನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಬಿಲ್ ಒಂದು ಹೇಳಿ, ತಾಳೆಪಟ್ಟಿ ಇನ್ನೊಂದು ಹೇಳಿದರೆ ಬಿಲ್ಲನ್ನೇ ನಂಬಬೇಕು. ಭವ್ಯಳ ತಿದ್ದುಪಡಿ ಸರಿ ಅಂತಾದರೆ, ಮೊದಲು ತಾಳೆಯಾಗಿದ್ದಕ್ಕೆ ಕಾರಣ ಒಂದೇ. ಆ ₹900 ಕೊರತೆಯನ್ನು ಮುಚ್ಚುವ ಇನ್ನೊಂದು ತಪ್ಪು ಇರಲೇಬೇಕು. ಅಂದರೆ ತಿದ್ದುಪಡಿಯಿಂದ ಹೊಸ ತಪ್ಪು ಹುಟ್ಟಲಿಲ್ಲ. ಅಡಗಿದ್ದದ್ದು ಹೊರಗೆ ಬಂತು, ಅದರ ಗಾತ್ರವೂ ಗೊತ್ತಾಯಿತು.

ಬದಿಯೂ ಗೊತ್ತಾಯಿತು. ಈಗ ಡೆಬಿಟ್ ₹900 ಕಡಿಮೆ. ಹಾಗಾದರೆ ಎಲ್ಲೋ ಡೆಬಿಟ್ ಬಾಕಿ ₹900 ಕಡಿಮೆ ಬಂದಿದೆ, ಅಥವಾ ಎಲ್ಲೋ ಕ್ರೆಡಿಟ್ ಬಾಕಿ ₹900 ಜಾಸ್ತಿ ಬಂದಿದೆ, ಅಥವಾ ಡೆಬಿಟ್ ಮಾಡಬೇಕಿದ್ದ ₹450 ಕ್ರೆಡಿಟ್ ಬದಿಗೆ ಹೋಗಿದೆ. ಬದಿ ತಪ್ಪಿದರೆ ವ್ಯತ್ಯಾಸ ಮೊತ್ತದ ಎರಡರಷ್ಟಾಗುತ್ತದೆ, ಅದಕ್ಕೇ ಅರ್ಧ ಮಾಡಿ ಹುಡುಕುವುದು. ಭವ್ಯ ಮೊದಲು ₹450 ಹುಡುಕಿದಳು. ಅಂಥ ಮೊತ್ತ ಎಲ್ಲೂ ಇರಲಿಲ್ಲ.

ಆಮೇಲೆ 9ರ ಪರೀಕ್ಷೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 52 ಅನ್ನುವುದು 25 ಆದರೆ 27 ವ್ಯತ್ಯಾಸ, ಅಂದರೆ ಅಂಕಿಗಳ ಅಂತರ 3ರ ಒಂಬತ್ತರಷ್ಟು. ಸಾವಿರ ಮತ್ತು ನೂರರ ಸ್ಥಾನದಲ್ಲಿ ಹೀಗಾದರೆ ವ್ಯತ್ಯಾಸ 900ರ ಗುಣಕ. ಸರಿಯಾಗಿ 900 ಬರಬೇಕಾದರೆ ಆ ಎರಡು ಅಂಕಿಗಳ ಅಂತರ 1 ಇರಬೇಕು. ಹಾಗಾಗಿ ಎಲ್ಲವನ್ನೂ ನೋಡಬೇಕಿಲ್ಲ. 4,3 ಅಥವಾ 7,6 ಹೀಗೆ ಅಕ್ಕಪಕ್ಕ ಇರುವ ಮೊತ್ತಗಳನ್ನು ಮೊದಲು ನೋಡಿದರೆ ಸಾಕು. ಆದರೆ ಒಂದು ಎಚ್ಚರಿಕೆ: ಸೊನ್ನೆ ಬಿಟ್ಟುಹೋಗಿ ₹1,000 ಅನ್ನುವುದು ₹100 ಆದರೂ ವ್ಯತ್ಯಾಸ 900 ಬರುತ್ತದೆ. 9ರಿಂದ ಭಾಗವಾಯಿತು ಅಂದ ಮಾತ್ರಕ್ಕೆ ಅಂಕಿ ಅದಲುಬದಲಾಗಿದೆ ಅಂತ ತೀರ್ಮಾನಿಸುವ ಹಾಗಿಲ್ಲ.

ಎರಡು ತಪ್ಪುಗಳೂ ಸರಿಯಾಗಿ ₹900 ಆಗೋದು ಸಾಧ್ಯವಾ ಅಂತ ಅನಿಸಬಹುದು. ಮನಸ್ಸಿಗೆ ಬಂದ ಹಾಗೆ ಮೊತ್ತ ತಪ್ಪಿದ್ದರೆ ಅದು ತೀರಾ ಅಪರೂಪವೇ. ಆದರೆ ಅಂಕಿ ಅದಲುಬದಲಾಗುವ ತಪ್ಪಿನಲ್ಲಿ 9, 90, 900 ಮತ್ತು ಅವುಗಳ ಗುಣಕಗಳು ಮಾತ್ರ ಬರುತ್ತವೆ. ಬರಬಹುದಾದ ಮೊತ್ತಗಳೇ ಕಡಿಮೆ ಇರುವಾಗ ಎರಡು ತಪ್ಪು ಹೊಂದಿಕೊಳ್ಳುವುದು ನಾವು ಅಂದುಕೊಂಡಷ್ಟು ಅಪರೂಪ ಅಲ್ಲ.

ಭವ್ಯ ನಗದು ಪುಸ್ತಕದ ಪಾವತಿ ಬದಿ ಹಿಡಿದು, ಪ್ರತಿ ಮೊತ್ತವನ್ನೂ ಲೆಡ್ಜರ್ ಜೊತೆ ಟಿಕ್ ಹಾಕುತ್ತಾ ಹೋದಳು. ಗಲ್ಲಾದ ಹಣ ಎಣಿಸಿ, ಬ್ಯಾಂಕ್ ಪಾಸ್‌ಬುಕ್‌ಗೂ ಹೊಂದಿಸಿದ್ದರಿಂದ ನಗದು ಪುಸ್ತಕವನ್ನು ನಂಬಬಹುದಿತ್ತು. ಜನವರಿಯಲ್ಲಿ ಲಾರಿ ಬಾಡಿಗೆ ₹4,350. ಬಾಡಿಗೆ ಖಾತೆಯಲ್ಲಿ ₹3,450. ಸಿಕ್ಕಿತು.

ಈಗ ಪರಿಣಾಮ ನೋಡಿ. ಬಾಡಿಗೆ ಖರ್ಚು ₹900 ಕಡಿಮೆ ಇದ್ದದ್ದರಿಂದ ಲಾಭ ₹900 ಜಾಸ್ತಿ ಕಾಣುತ್ತಿತ್ತು. ಸಪ್ಲೈಯರ್‌ಗೆ ಕೊಡಬೇಕಾದ ಬಾಕಿ ₹900 ಕಡಿಮೆ ಇತ್ತು. ಬ್ಯಾಲೆನ್ಸ್ ಶೀಟ್ ಹಾಕಿದ್ದರೂ ಸಾಲ ಕಡಿಮೆ, ಲಾಭ ಸೇರಿದ ಬಂಡವಾಳ ಅಷ್ಟೇ ಜಾಸ್ತಿ ಆಗಿ ಅದೂ ತಾಳೆಯಾಗುತ್ತಿತ್ತು. ತಾಳೆಪಟ್ಟಿ ದಾಟಿದ ತಪ್ಪು ಮುಂದಿನ ಪಟ್ಟಿಯಲ್ಲಿ ತಾನಾಗಿ ಸಿಗುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಪರೀಕ್ಷೆಯಲ್ಲಿ ಎರಡೂ ತಪ್ಪುಗಳನ್ನು ಒಟ್ಟಿಗೆ ಕೊಟ್ಟರೆ ಒಂದೇ ನಮೂದು ಸಾಕು:

ಲಾರಿ ಬಾಡಿಗೆ ಖಾತೆ ಡೆಬಿಟ್ ₹900
ಸಪ್ಲೈಯರ್ ಖಾತೆಗೆ ಕ್ರೆಡಿಟ್ ₹900

ಮೇಲ್ನೋಟಕ್ಕೆ ವಿಚಿತ್ರ. ಪೇಂಟ್‌ಗೂ ಲಾರಿ ಬಾಡಿಗೆಗೂ ಸಂಬಂಧವೇ ಇಲ್ಲ. ಆದರೆ ಎರಡೂ ಒಂದೊಂದೇ ಬದಿಯ ತಪ್ಪುಗಳು, ಬದಿಗಳು ಬೇರೆ ಬೇರೆ, ಮೊತ್ತ ಒಂದೇ. ಅದಕ್ಕೇ ಒಂದು ನಮೂದಿನಲ್ಲಿ ಕೂರುತ್ತವೆ. ವಿವರಣೆಯ ಸಾಲಿನಲ್ಲಿ ಎರಡೂ ತಪ್ಪುಗಳನ್ನು ಬರೆಯುವುದನ್ನು ಮರೆಯಬೇಡಿ. ಭವ್ಯಳ ಹಾಗೆ ಮೊದಲು ಒಂದೇ ಸಿಕ್ಕಿದ್ದರೆ, ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಖಾತೆ ಡೆಬಿಟ್ ಮಾಡಿ ಸಪ್ಲೈಯರ್‌ಗೆ ಕ್ರೆಡಿಟ್. ಎರಡನೆಯದು ಸಿಕ್ಕ ಮೇಲೆ ಬಾಡಿಗೆ ಡೆಬಿಟ್ ಮಾಡಿ ಸಸ್ಪೆನ್ಸ್‌ಗೆ ಕ್ರೆಡಿಟ್. ಸಸ್ಪೆನ್ಸ್ ಖಾತೆ ಸೊನ್ನೆಯಾಗುತ್ತದೆ.

ಸಪ್ಲೈಯರ್ ಪತ್ರ ಬರದೆಯೂ ಮೊದಲ ತಪ್ಪು ಸಿಗುತ್ತಿತ್ತು, ಭವ್ಯ ಎಲ್ಲಾ ಸಪ್ಲೈಯರ್‌ಗಳಿಗೆ ಸೇರಿಸಿ ಒಂದು ಒಟ್ಟು ಖಾತೆ ಇಟ್ಟಿದ್ದರೆ. ಅದಕ್ಕೆ ಖರೀದಿ ಪುಸ್ತಕದ ತಿಂಗಳ ಮೊತ್ತ ನೇರವಾಗಿ ಹೋಗುತ್ತದೆ. ಬಿಡಿ ಖಾತೆಗಳ ಬಾಕಿ ಕೂಡಿದಾಗ ₹69,150, ಒಟ್ಟು ಖಾತೆಯಲ್ಲಿ ₹70,050 ಅಂತ ಅಲ್ಲೇ ಕಾಣುತ್ತಿತ್ತು. ಲಾರಿ ಬಾಡಿಗೆಗೆ ಅಂಥ ಅನುಕೂಲ ಇಲ್ಲ. ಅದಕ್ಕೆ ಟಿಕ್ ಹಾಕುವುದೇ ದಾರಿ.

ಟ್ಯಾಲಿಯಂಥ ಸಾಫ್ಟ್‌ವೇರ್‌ನಲ್ಲಿ ಒಂದು ವೋಚರ್‌ನ ಎರಡು ಬದಿಗೂ ಬೇರೆ ಬೇರೆ ಮೊತ್ತ ಹಾಕಲು ಬಿಡುವುದಿಲ್ಲ, ಹಾಗಾಗಿ ಈ ಕಥೆಯ ತಪ್ಪು ಅಲ್ಲಿ ಆಗುವುದಿಲ್ಲ. ₹13,250ರ ಬಿಲ್ಲನ್ನು ಎರಡೂ ಬದಿಗೆ ₹12,350 ಅಂತ ಹಾಕಿದರೆ ಮಾತ್ರ ಅದು ಸುಮ್ನೆ ಒಪ್ಪಿಕೊಳ್ಳುತ್ತದೆ.

ಕೊನೆಗೆ, ಪರೀಕ್ಷೆಯಲ್ಲಿ ಎಡವುವ ಜಾಗ. ಭವ್ಯಳಿಗೆ ತಪ್ಪು ಸಿಕ್ಕಾಗ ಆ ವರ್ಷದ ಲೆಕ್ಕ ಇನ್ನೂ ಮುಚ್ಚಿರಲಿಲ್ಲ. ಮುಚ್ಚಿದ ಮೇಲೆ ಸಿಕ್ಕಿದ್ದರೆ ಆ ವರ್ಷದ ಬಾಡಿಗೆ ಖಾತೆಯ ಬಾಕಿ ಇರುವುದಿಲ್ಲ, ಅದು ಲಾಭದಲ್ಲಿ ಸೇರಿಹೋಗಿರುತ್ತದೆ. ಆಗ ಡೆಬಿಟ್ ಮಾಡಬೇಕಾದದ್ದು ಲಾಭ-ನಷ್ಟ ಹೊಂದಾಣಿಕೆ ಖಾತೆಯನ್ನು. ಸಪ್ಲೈಯರ್ ಖಾತೆಯ ಬಾಕಿ ಮುಂದಿನ ವರ್ಷಕ್ಕೆ ಬಂದಿರುವುದರಿಂದ ಕ್ರೆಡಿಟ್ ಮೊದಲಿನ ಹಾಗೆಯೇ ಅದಕ್ಕೆ ಹೋಗುತ್ತದೆ.