‘ನಾನು ತಾಳ್ಮೆಯಿಂದ ಇರುತ್ತೇನೆ’ ಎಂದರೆ ಸಂದರ್ಶಕರಿಗೆ ಏಕೆ ಸಾಲುವುದಿಲ್ಲ?

ಪ್ರಶ್ನೆ: ನಾನು ಬೈಲಹೊಂಗಲದವಳು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಬೆಳಗಾವಿಯ ಖಡೇ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ವಿಮಾನಯಾನ ಕಂಪನಿಯ ಗ್ರೌಂಡ್ ಸ್ಟಾಫ್ ಹುದ್ದೆಯ ಸಂದರ್ಶನದಲ್ಲಿ ಎರಡು ಸಲ ವಿಫಲಳಾದೆ. ಸಿಟ್ಟಾದ ಪ್ರಯಾಣಿಕರನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದಾಗ ‘ತಾಳ್ಮೆಯಿಂದ ಇರುತ್ತೇನೆ, ನಗುಮುಖದಿಂದ ಮಾತನಾಡುತ್ತೇನೆ’ ಎಂದೆ. ತಪ್ಪೇನಿದೆ?

ಉತ್ತರ: ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅದರಿಂದ ಸಂದರ್ಶಕರಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದಲೇ ಅನೇಕ ಸಂದರ್ಶಕರು ಮಾತು ಬಿಟ್ಟು ಅಭಿನಯಕ್ಕೆ ಇಳಿಯುತ್ತಾರೆ. ತಾವೇ ಪ್ರಯಾಣಿಕರಾಗಿ ನಿಮ್ಮೆದುರು ಕೂಗಾಡುತ್ತಾರೆ. ಇಂಥದೊಂದು ಸನ್ನಿವೇಶವನ್ನು ಸಾಂಬ್ರಾ ವಿಮಾನ ನಿಲ್ದಾಣದಲ್ಲಿಟ್ಟು ನೋಡೋಣ.

ಬೆಂಗಳೂರಿನ ವಿಮಾನ ಮಧ್ಯಾಹ್ನ 2:40ಕ್ಕೆ ಹೊರಡಬೇಕು. ದೇಶದೊಳಗಿನ ಹಾರಾಟಗಳಿಗೆ ಅನೇಕ ಕಂಪನಿಗಳು ಚೆಕ್-ಇನ್ ಕೌಂಟರನ್ನು 60 ನಿಮಿಷ ಮೊದಲೇ ಮುಚ್ಚುತ್ತವೆ, ಎಂದರೆ ಇಲ್ಲಿ 1:40ಕ್ಕೆ. 1:47ಕ್ಕೆ ಒಬ್ಬರು ಎರಡು ದೊಡ್ಡ ಬ್ಯಾಗುಗಳೊಂದಿಗೆ ಓಡಿಬಂದು, ‘ನಮ್ಮಪ್ಪ ಐಸಿಯುದಾಗ ಅದಾನ್ರೀ! ಏಳು ನಿಮಿಷಕ್ಕ ಏನಾಕ್ಕೈತಿ ನಿಮಗ?’ ಎಂದು ಕೌಂಟರ್ ಬಡಿಯುತ್ತಾರೆ.

ಇಲ್ಲಿ ಎಡವುವವರು ಎರಡು ಬಗೆ. ಮೊದಲನೆಯವರು ಕನಿಕರದಿಂದ ‘ಚಿಂತೆ ಮಾಡಬೇಡಿ ಸರ್, ಕಳಿಸುತ್ತೇನೆ’ ಎಂದುಬಿಡುತ್ತಾರೆ. ಕೌಂಟರ್ ಮುಚ್ಚಿದ ಮೇಲೆ ಪ್ರಯಾಣಿಕರ ಸಂಖ್ಯೆ, ಬ್ಯಾಗುಗಳ ತೂಕ ಎಲ್ಲವೂ ಲೋಡ್ ಶೀಟಿನ, ಎಂದರೆ ವಿಮಾನದ ಒಟ್ಟು ಭಾರದ, ಲೆಕ್ಕಕ್ಕೆ ಸೇರುತ್ತವೆ. ಪ್ರತಿ ಬ್ಯಾಗೂ ತಪಾಸಣೆ ಮುಗಿಸಿ ವಿಮಾನದ ಹೊಟ್ಟೆ ಸೇರಬೇಕು. ತನ್ನ ಕೈಯಲ್ಲಿಲ್ಲದ ಅಧಿಕಾರದಿಂದ ಮಾತು ಕೊಟ್ಟವರನ್ನು ಕೌಂಟರಿನಲ್ಲಿ ಕೂರಿಸಲು ಯಾವ ಮ್ಯಾನೇಜರನಿಗೂ ಧೈರ್ಯ ಬಾರದು. ಎರಡನೆಯವರು ‘ರೂಲ್ಸ್ ಸರ್’ ಎಂಬ ಒಂದೇ ಪದವನ್ನು ನಾಲ್ಕು ಸಲ ಹೇಳುತ್ತಾರೆ. ‘ಕೂಗಬೇಡಿ’ ಎಂಬ ಮಾತೂ ಇದೇ ಜಾತಿಯದು. ಅದನ್ನು ಕೇಳಿ ಸುಮ್ಮನಾದ ಪ್ರಯಾಣಿಕರನ್ನು ನಾನಂತೂ ಕಂಡಿಲ್ಲ.

ಆ ಪ್ರಯಾಣಿಕರು ಕೇಳುತ್ತಿರುವುದು ಕೌಂಟರ್ ತೆರೆಯಿರಿ ಎಂದು, ಅವರಿಗೆ ಬೇಕಾಗಿರುವುದು ಆದಷ್ಟು ಬೇಗ ಬೆಂಗಳೂರು ತಲುಪುವುದು. ಇವೆರಡನ್ನು ಬೇರೆಮಾಡಿ ನೋಡಬಲ್ಲವರಲ್ಲಿ ಸೇವಾ ಮನೋಭಾವ ತಾನಾಗಿ ಕಾಣಿಸುತ್ತದೆ. ಆದ್ದರಿಂದ ಮೊದಲು ಮಾತು ಪೂರ್ತಿ ಕೇಳಿ, ಅನಂತರ ಹೀಗೆ ಹೇಳಬಹುದು: ‘ಸರ್, ತಂದೆಯವರ ಹತ್ತಿರ ಬೇಗ ಹೋಗಬೇಕು ನಿಮಗೆ, ಗೊತ್ತಾಯಿತು. 1:40ಕ್ಕೆ ಚೆಕ್-ಇನ್ ಮುಗಿದಿದೆ, ನಾನು ಅದನ್ನು ತೆರೆಯಲಾರೆ. ಡ್ಯೂಟಿ ಮ್ಯಾನೇಜರನ್ನು ಕೇಳಿ ಎರಡು ನಿಮಿಷದಲ್ಲಿ ಇಲ್ಲಿಗೇ ಬಂದು ಹೇಳುತ್ತೇನೆ.’ ಸಾಧ್ಯವಿಲ್ಲದ್ದನ್ನು ಒಂದೇ ಸಲ, ಸ್ಪಷ್ಟವಾಗಿ ಹೇಳಿದ್ದೀರಿ. ಎರಡು ನಿಮಿಷ ಎಂದ ಮೇಲೆ ಉತ್ತರ ‘ಇಲ್ಲ’ ಎಂದೇ ಇದ್ದರೂ ಎರಡೇ ನಿಮಿಷದಲ್ಲಿ ಮರಳಿ ಬರಬೇಕು.

ಮರಳಿದಾಗ ಬರಿಗೈಯಲ್ಲಿ ಬರಬಾರದು. ಮುಂದಿನ ವಿಮಾನದಲ್ಲಿ ಸೀಟು ಇದೆಯೇ, ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಯಿಂದ ಅಂದು ಸಂಜೆ ವಿಮಾನವಿದೆಯೇ ಎಂದು ನೋಡಿ, ಅಲ್ಲಿಯ ಕೌಂಟರ್ ಮುಚ್ಚುವ ಹೊತ್ತಿನೊಳಗೆ ರಸ್ತೆಯಲ್ಲಿ ತಲುಪಲು ಆಗುತ್ತದೆಯೇ ಎಂಬುದನ್ನೂ ಸೇರಿಸಿ ಹೇಳಬೇಕು. ಏನೂ ಇಲ್ಲದಿದ್ದರೆ ಸಂಜೆಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ರೈಲಿನ ಹೆಸರೆತ್ತಿದರೆ ಕಂಪನಿಗೆ ದ್ರೋಹವಾಗುವುದಿಲ್ಲ. ಜೊತೆಗೆ, ವಿಮಾನ ತಪ್ಪಿಸಿಕೊಂಡವರಿಗೂ, ಟಿಕೆಟ್ ಮರುಪಾವತಿ ಇಲ್ಲದ್ದಾಗಿದ್ದರೂ, ಅದರಲ್ಲಿರುವ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಹಿಂದಿರುಗಬೇಕೆಂಬ, ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವನ್ನು ಪ್ರಯಾಣಿಕರು ಕೇಳುವ ಮೊದಲೇ ತಿಳಿಸಿದರೆ, ಎದುರಿಗಿರುವ ಸಂದರ್ಶಕರು ಏನನ್ನೋ ಬರೆದುಕೊಳ್ಳುವುದು ಬಹುತೇಕ ಖಚಿತ.

ಇಷ್ಟಾದರೂ ಅವರು ದನಿ ಏರಿಸುತ್ತಾರೆ, ಏಕೆಂದರೆ ಅವರ ಪರೀಕ್ಷೆ ಅಲ್ಲಿಯೇ ಇರುತ್ತದೆ. ಒತ್ತಡ ಮುಖಕ್ಕಿಂತ ಮೊದಲು ಮಾತಿನ ವೇಗದಲ್ಲಿ ಕಾಣುತ್ತದೆ: ಅಭ್ಯರ್ಥಿ ವಾಕ್ಯಗಳನ್ನು ಅರ್ಧಕ್ಕೆ ಬಿಡುತ್ತಾರೆ, ಕೇಳದ ವಿವರಣೆ ಕೊಡುತ್ತಾರೆ, ‘ಸಾರಿ’ ಎಂಬುದು ಹೆಚ್ಚುತ್ತದೆ. ಒಂದು ಉಸಿರು ಸುಮ್ಮನಿದ್ದು, ಅದೇ ಮಾತನ್ನು ಮೊದಲಿಗಿಂತ ನಿಧಾನವಾಗಿ ಹೇಳಿ. ಇನ್ನು ನಗು: ಐಸಿಯು ಎಂದವರ ಮುಂದೆ ನಗುಮುಖ ಅವಮಾನವಾದೀತು.

ನಿಮ್ಮದೇ ಅನುಭವ ಕೇಳಿದರೆ ವಿಮಾನದ ಕಥೆ ಕಟ್ಟಬೇಡಿ, ಸೀರೆ ಅಂಗಡಿಯೇ ಸಾಕು. ಉದಾಹರಣೆಗೆ, ಮರುದಿನ ಮದುವೆಯಿದ್ದವರು ರಾತ್ರಿ ಏಳಕ್ಕೆ ಬಂದು, ಸೀರೆಯಲ್ಲಿ ಕಲೆಯಿದೆ, ಹಣ ಕೊಡಿ ಎಂದು ಜಗಳ ತೆಗೆದರು ಎನ್ನಿ. ಅಂಗಡಿಯಲ್ಲಿ ಹಣ ವಾಪಸು ಇಲ್ಲ, ಬದಲಿ ಮಾತ್ರ. ಬೆಳಿಗ್ಗೆ ಉಡಲು ಸೀರೆ ಬೇಕಾಗಿದೆ ಎಂಬುದನ್ನು ನೀವು ಕೇಳಿ ತಿಳಿದುಕೊಂಡಿರಿ, ಮಾಲೀಕರಿಗೆ ಫೋನ್ ಮಾಡಿ ಬದಲಿ ಸೀರೆಗೆ ಒಪ್ಪಿಗೆ ಪಡೆದಿರಿ, ಪಕ್ಕದ ಟೇಲರಿಂದ ಒಂಬತ್ತರೊಳಗೆ ಫಾಲ್, ಪಿಕೋ ಮಾಡಿಸಿಕೊಟ್ಟಿರಿ. ಇಂಥದ್ದು ನಿಜವಾಗಿ ನಡೆದಿದ್ದರೆ ಮಾತ್ರ ಹೇಳಿ. ಸೀರೆಯ ಬಣ್ಣ ಯಾವುದು, ಮಾಲೀಕರು ಮೊದಲು ಏನೆಂದರು ಎಂಬ ಮರುಪ್ರಶ್ನೆಗೆ ಬಾಯಿಪಾಠದ ಕಥೆ ನಿಲ್ಲುವುದಿಲ್ಲ. ‘ಕೊನೆಗೆ ಅವರು ಸಂತೋಷಪಟ್ಟರೇ?’ ಎಂದು ಕೇಳಿದಾಗ, ಅವರು ಸಿಟ್ಟಿನಿಂದಲೇ ಹೋಗಿದ್ದರೆ, ಸೀರೆ ತೆಗೆದುಕೊಂಡು ಸಿಟ್ಟಿನಿಂದಲೇ ಹೋದರು ಎಂದು ಹೇಳಿ.