ಸೊಸೆ ತವರಿನಲ್ಲಿ, ಮಗ ಬೆಂಗಳೂರಿನಲ್ಲಿ: ಜನಗಣತಿಯವರು ಬಂದರೆ ಮನೆಯಲ್ಲಿ ಎಷ್ಟು ಜನ ಅಂತ ಹೇಳಬೇಕು?

ಪ್ರಶ್ನೆ: ನಮ್ಮದು ಹಾವೇರಿ ಕಡೆಯ ಹಳ್ಳಿ. ದೊಡ್ಡ ಮಗ ಬೆಂಗಳೂರಲ್ಲಿ ಪಿ.ಜಿ.ಯಲ್ಲಿದ್ದು ಕೆಲಸ ಮಾಡ್ತಾನೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿ ಓದ್ತಾಳೆ. ನಮ್ಮ ಜೊತೆ ಇರೋದು ಸಣ್ಣ ಮಗ, ಸೊಸೆ. ಜನಗಣತಿ ಹೊತ್ತಿಗೆ ಸೊಸೆ ಹೆರಿಗೆಗೆ ತವರಿಗೆ ಹೋಗಿರ್ತಾಳೆ. ಇವರೆಲ್ಲರ ಹೆಸರೂ ರೇಷನ್ ಕಾರ್ಡಿನಲ್ಲಿ ಇಲ್ಲೇ ಇದೆ. ಯಾರನ್ನು ಬರೆಸಬೇಕು, ಯಾರನ್ನು ಬಿಡಬೇಕು?

ಉತ್ತರ: ಮೊದಲು ರೇಷನ್ ಕಾರ್ಡನ್ನು ಪಕ್ಕಕ್ಕಿಡಿ. ವೋಟರ್ ಐಡಿ, ಆಧಾರ್ ವಿಳಾಸ ಇವನ್ನೂ ಅಷ್ಟೇ. ಜನಗಣತಿ ಕೇಳುವುದು ನಿಮ್ಮ ಹೆಸರು ಯಾವ ಕಾಗದದಲ್ಲಿ ಎಲ್ಲಿದೆ ಅಂತಲ್ಲ. ಎಣಿಕೆಯ ದಿನಗಳಲ್ಲಿ ನೀವು ಎಲ್ಲಿ ವಾಸ ಇದ್ದಿರಿ ಅಂತ. ನೀವು ಕೇಳಿದ ಪ್ರಶ್ನೆಯಲ್ಲೇ ಗಣತಿಯ ಎರಡು ದೊಡ್ಡ ತೊಂದರೆಗಳೂ ಇವೆ. ಒಬ್ಬರೇ ಎರಡು ಕಡೆ ಲೆಕ್ಕಕ್ಕೆ ಸಿಗುವುದು ಒಂದು, ಎಲ್ಲೂ ಸಿಗದೇ ಹೋಗುವುದು ಇನ್ನೊಂದು. ಹಾಗಾಗಿ ನಿಮ್ಮ ಮನೆಯನ್ನೇ ಇಟ್ಟುಕೊಂಡು ನೋಡೋಣ.

ಬ್ರಿಟಿಷರ ಕಾಲದಲ್ಲಿ, 1931ರವರೆಗೂ, ಇಡೀ ದೇಶದ ತಲೆ ಎಣಿಕೆ ಒಂದೇ ರಾತ್ರಿಯಲ್ಲಿ ಆಗುತ್ತಿತ್ತು. ಆ ರಾತ್ರಿ ಯಾರು ಎಲ್ಲಿದ್ದರೋ ಅಲ್ಲೇ ಲೆಕ್ಕ. ಆಮೇಲೆ ಆ ಪದ್ಧತಿ ಬಿಟ್ಟರು. ಈಗ ಗಣತಿದಾರರು ಸುಮಾರು ಮೂರು ವಾರ ಮನೆಮನೆ ತಿರುಗುತ್ತಾರೆ. 2011ರಲ್ಲಿ ಅದು ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಆದರೆ ಜನಸಂಖ್ಯೆಯ ಲೆಕ್ಕ ನಿಲ್ಲುವುದು ಒಂದು ಕ್ಷಣಕ್ಕೆ: ಫೆಬ್ರವರಿ 28 ಮುಗಿದು ಮಾರ್ಚ್ 1 ಶುರುವಾಗುವ ಮಧ್ಯರಾತ್ರಿ. ಈ ಸಲವೂ ಹಿಮ ಬೀಳುವ ಪ್ರದೇಶಗಳನ್ನು ಬಿಟ್ಟು ಉಳಿದ ದೇಶಕ್ಕೆಲ್ಲ ಗೊತ್ತುಮಾಡಿರುವುದು 2027ರ ಮಾರ್ಚ್ 1ರ ಅದೇ ಹೊತ್ತು. ಕೆಳಗೆ ನಾನು ಹೇಳುವ ತಾರೀಖುಗಳು 2011ರವು. ನಿಯಮ ಅರ್ಥವಾದರೆ ತಾರೀಖು ಬದಲಾದರೂ ಕಷ್ಟ ಆಗುವುದಿಲ್ಲ.

ನಿಯಮ ಇಷ್ಟು. ನೀವು ಸಾಮಾನ್ಯವಾಗಿ ವಾಸ ಇರುವ ಮನೆಯಲ್ಲಿ ಆ ಇಪ್ಪತ್ತು ದಿನಗಳ ಪೈಕಿ ಒಂದಿಷ್ಟು ದಿನವಾದರೂ ಇದ್ದರೆ, ನಿಮ್ಮ ಲೆಕ್ಕ ಅಲ್ಲೇ. ಇಪ್ಪತ್ತೂ ದಿನ ಅಲ್ಲಿ ಇರದೇ ಇದ್ದರೆ ಆ ಮನೆಯಲ್ಲಿ ನಿಮ್ಮನ್ನು ಬರೆಯುವ ಹಾಗಿಲ್ಲ. ಆಗ ಎಲ್ಲಿ ಸಿಕ್ಕಿದಿರೋ ಅಲ್ಲಿ ಬರೆಯುತ್ತಾರೆ.

ದೊಡ್ಡ ಮಗನದು ಸುಲಭ. ಅವನ ವಾಸ ಬೆಂಗಳೂರಿನಲ್ಲಿ. ನಡುವೆ ಮೂರು ದಿನ ಜಾತ್ರೆಗೆ ಊರಿಗೆ ಬಂದು, ಅದೇ ದಿನ ಗಣತಿದಾರರು ನಿಮ್ಮ ಮನೆಗೆ ಬಂದು, ಅವನೇ ಎದುರಿಗೆ ಕೂತಿದ್ದರೂ ನಿಮ್ಮ ಮನೆಯ ಪಟ್ಟಿಗೆ ಸೇರುವುದಿಲ್ಲ. ಹಾಸ್ಟೆಲಿನ ಮಗಳಿಗೂ ಇದೇ ಮಾತು. ಹಾಸ್ಟೆಲು, ಜೈಲು, ಮಠ, ವೃದ್ಧಾಶ್ರಮ ಇವನ್ನೆಲ್ಲ ಸಾಂಸ್ಥಿಕ ಕುಟುಂಬ ಅಂತ ಬೇರೆಯಾಗಿ ಪಟ್ಟಿ ಮಾಡಿ, ಅಲ್ಲಿರುವವರನ್ನು ಅಲ್ಲೇ ಎಣಿಸುತ್ತಾರೆ. ಮಗ ದುಬೈಯಲ್ಲಿದ್ದು ಆ ದಿನಗಳಲ್ಲಿ ಬರದೇ ಇದ್ದರೆ ಭಾರತದ ಲೆಕ್ಕಕ್ಕೇ ಬರುವುದಿಲ್ಲ, ಪಾಸ್‌ಪೋರ್ಟ್ ಇಲ್ಲಿಯದಾದರೂ ಸರಿ. ಅದೇ, ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ಜರ್ಮನಿಯ ಎಂಜಿನಿಯರ್ ಲೆಕ್ಕಕ್ಕೆ ಸೇರುತ್ತಾರೆ. ರಾಯಭಾರ ಕಚೇರಿಗಳ ವಿದೇಶಿ ಅಧಿಕಾರಿಗಳಿಗೆ, ಅವರ ಮನೆಯವರಿಗೆ ಮಾತ್ರ ವಿನಾಯಿತಿ.

ಈಗ ನಿಮ್ಮ ಯಜಮಾನರು ಫೆಬ್ರವರಿ 12ಕ್ಕೆ ಕಾಶಿಗೆ ಹೊರಟು ಮಾರ್ಚ್ 2ಕ್ಕೆ ವಾಪಸ್ ಬಂದರು ಅಂತಿಟ್ಟುಕೊಳ್ಳಿ. ಗಣತಿದಾರರು ಬಂದಾಗಲೂ ಇಲ್ಲ, ಆ ಮಧ್ಯರಾತ್ರಿಯೂ ಇಲ್ಲ. ಆದರೂ 9, 10, 11ನೇ ತಾರೀಖು ಮನೆಯಲ್ಲೇ ಇದ್ದರಲ್ಲ, ಹಾಗಾಗಿ ಅವರ ಲೆಕ್ಕ ಹಳ್ಳಿಯಲ್ಲೇ. ಫೆಬ್ರವರಿ 5ಕ್ಕೇ ಹೊರಟಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಕಾಶಿಯಲ್ಲಿ ಇಳಿದುಕೊಂಡ ಕಡೆಯೇ ಬರೆಸಬೇಕಿತ್ತು.

ಸೊಸೆಯ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ. ಏಳನೇ ತಿಂಗಳಿಗೆ ಕರೆದುಕೊಂಡು ಹೋದರೆ ಬಾಣಂತನ ಮುಗಿಸಿಯೇ ಕಳಿಸುವುದು. ಅಂದರೆ ಆ ಇಪ್ಪತ್ತು ದಿನವೂ ಆಕೆ ನಿಮ್ಮ ಮನೆಯಲ್ಲಿ ಇರುವುದಿಲ್ಲ. ನಿಯಮದ ಪ್ರಕಾರ ತವರಿನಲ್ಲೇ ಬರೆಸಬೇಕು. ಆದರೆ ಅಲ್ಲಿ ಏನಾಗುತ್ತದೆ? ಗಣತಿದಾರರು ಬಂದು “ಮನೆಯಲ್ಲಿ ಯಾರ್ಯಾರು ಇದ್ದೀರಿ” ಅಂತ ಕೇಳುತ್ತಾರೆ. ಆಕೆಯ ತಂದೆ “ಮಗಳು ಬಾಣಂತನಕ್ಕೆ ಬಂದಾಳ್ರೀ, ಕೊಟ್ಟ ಹುಡುಗಿ, ಅವರ ಮನ್ಯಾಗ ಬರಸ್ತಾರ” ಅಂದುಬಿಡುತ್ತಾರೆ. ಇಲ್ಲಿ ನೀವು, ನಿಯಮ ತಿಳಿದವರಾಗಿ, “ಸೊಸೆ ತವರಲ್ಲಿದ್ದಾಳೆ, ಅಲ್ಲಿ ಬರೆಸ್ತಾರೆ” ಅಂತೀರಿ. ಎರಡೂ ಕಡೆಯವರು ಸುಳ್ಳು ಹೇಳಿಲ್ಲ. ಆದರೂ ಆಕೆ ಎಲ್ಲೂ ಇಲ್ಲ. ಅದೇ ನೀವು “ನಮ್ಮ ಸೊಸೆ, ನಮ್ಮ ಮನೆಯವಳು” ಅಂತ ಬರೆಸಿ, ಅವರೂ “ಈಗ ಇಲ್ಲೇ ಇದ್ದಾಳೆ” ಅಂತ ಬರೆಸಿದರೆ ಎರಡು ಕಡೆ ಎಣಿಕೆ. ತಪ್ಪುಗಳು ಎರಡಾದರೂ ಬೇರು ಒಂದೇ: ಒಂದು ಮನೆಯವರು ಏನು ಹೇಳಿದರು ಅನ್ನುವುದು ಇನ್ನೊಂದು ಮನೆಗೆ ಗೊತ್ತಿಲ್ಲ. ಸಿಟಿಗೆ ದುಡಿಯಲು ಹೋದವರಲ್ಲೂ, ಮಕ್ಕಳ ಮನೆಗಳ ನಡುವೆ ಓಡಾಡುವ ವಯಸ್ಸಾದವರಲ್ಲೂ ಆಗುವುದು ಇದೇ. ಒಂದು ಫೋನು ಮಾಡಿ ಬೀಗರಿಗೆ ಹೇಳಿಬಿಡಿ: ಸೊಸೆಯನ್ನು ನಾವಿಲ್ಲಿ ಬರೆಸುವುದಿಲ್ಲ, ನೀವೇ ಬರೆಸಿ.

ಮಗುವಿನ ಕಥೆ ಇನ್ನೂ ಸೂಕ್ಷ್ಮ. ಗಣತಿದಾರರು ತವರಿಗೆ ಬಂದಿದ್ದು 14ಕ್ಕೆ, ಮಗು ಹುಟ್ಟಿದ್ದು 26ಕ್ಕೆ ಅನ್ನಿ. ಇಂಥವರಿಗಾಗಿಯೇ 2011ರಲ್ಲಿ ಮಾರ್ಚ್ 1ರಿಂದ 5ರವರೆಗೆ ಗಣತಿದಾರರು ಮತ್ತೊಂದು ಸುತ್ತು ಬಂದಿದ್ದರು. ತಾವು ಬಂದು ಹೋದ ಮೇಲೆ, ಆ ಮಧ್ಯರಾತ್ರಿಯೊಳಗೆ ಹುಟ್ಟಿದವರನ್ನು ಸೇರಿಸಬೇಕು, ತೀರಿಕೊಂಡವರನ್ನು ತೆಗೆಯಬೇಕು. 26ರ ಮಗು ಸೇರುತ್ತದೆ. ಮಾರ್ಚ್ 1ರ ಬೆಳಗಿನ ಜಾವ ಹುಟ್ಟಿದ್ದರೆ ಸೇರುವುದಿಲ್ಲ. ಆ ದಿನವೇ ಮನೆಯ ಅಜ್ಜಿ ತೀರಿಕೊಂಡರೆ ಅವರ ಹೆಸರು ಹಾಗೇ ಉಳಿಯುತ್ತದೆ. ಮಧ್ಯರಾತ್ರಿಗೆ ಬದುಕಿದ್ದರಲ್ಲ! ಈ ಎರಡನೇ ಸುತ್ತು ಅವಸರದಲ್ಲಿ, ಬಾಗಿಲಲ್ಲೇ ನಿಂತು ಮುಗಿದರೆ ಹಸುಗೂಸುಗಳು ತಪ್ಪಿಹೋಗುತ್ತವೆ. ಇನ್ನೂ ಹೆಸರಿಟ್ಟಿಲ್ಲ, ಆಮೇಲೆ ಬರೆಸಿದರಾಯ್ತು ಅಂತ ಮನೆಯವರೂ ಸುಮ್ನಿರುತ್ತಾರೆ. ಹೆಸರಿಡದ ಮಗುವನ್ನೂ ಬರೆಯಲೇಬೇಕು. ನೀವಾಗಿಯೇ ಹೇಳಿ.

ನಿಮ್ಮದು ಗೊತ್ತಾದ ಮನೆ. ಮನೆಯೇ ಪಟ್ಟಿಯಲ್ಲಿ ಇಲ್ಲದೇ ಇದ್ದರೆ? ಗಣತಿಗೆ ಊರನ್ನು ಬ್ಲಾಕುಗಳಾಗಿ ಹಂಚುತ್ತಾರೆ. ಒಂದು ಬ್ಲಾಕಿನಲ್ಲಿ ಹೆಚ್ಚುಕಡಿಮೆ ಆರುನೂರರಿಂದ ಏಳುನೂರು ಜನ. ಗಣತಿದಾರರು, ಹೆಚ್ಚಿನ ಕಡೆ ಶಾಲೆಯ ಮೇಷ್ಟ್ರೋ ಟೀಚರೋ, ಮೊದಲು ಕೈಯಲ್ಲಿ ನಕ್ಷೆ ಬರೆದುಕೊಂಡು ಒಂದೊಂದು ಮನೆಗೂ ನಂಬರು ಕೊಡುತ್ತಿದ್ದರು. ಅಲ್ಲಿ ಬಿಟ್ಟುಹೋದ ಮನೆ ಮುಂದೆ ಸಿಗುವುದು ಕಷ್ಟ. ಎರಡು ಬ್ಲಾಕುಗಳ ಗಡಿಯ ಗಲ್ಲಿಯನ್ನು ಇಬ್ಬರೂ “ಅದು ಅವರದ್ದು” ಅಂತ ಬಿಡಬಹುದು, ಇಬ್ಬರೂ ಎಣಿಸಲೂಬಹುದು. ಟೆರೇಸಿನ ಮೇಲಿನ ಶೀಟಿನ ಕೋಣೆ, ಅಂಗಡಿಯ ಹಿಂದೆ ಮಲಗುವ ಹುಡುಗರು, ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಕೆಳಗಿನ ವಾಚ್‌ಮನ್ ಕುಟುಂಬ ಹೊರಗಿನಿಂದ ಕಾಣುವುದಿಲ್ಲ. ಮನೆಪಟ್ಟಿ ಆಗುವುದು ತಲೆ ಎಣಿಕೆಗೆ ತಿಂಗಳುಗಟ್ಟಲೆ ಮೊದಲು. ಆಗ ಖಾಲಿ ಇದ್ದ ಜಾಗದಲ್ಲಿ ಫೆಬ್ರವರಿ ಹೊತ್ತಿಗೆ ಕೂಲಿಯವರ ಶೆಡ್ಡುಗಳು ಎದ್ದಿರುತ್ತವೆ. ಬೆಳಗಾವಿ ಕಡೆ ಫೆಬ್ರವರಿಯೆಂದರೆ ಕಬ್ಬು ಕಟಾವಿನ ಕಾಲ. ಮಹಾರಾಷ್ಟ್ರದಿಂದ ಬಂದ ಕಟಾವಿನವರು ಹೊಲದ ಬದಿಯ ಗುಡಿಸಲಲ್ಲಿ ಇರುತ್ತಾರೆ, ಅವರ ಊರಿನ ಮನೆಗೆ ಬೀಗ. ಲೆಕ್ಕದ ಪ್ರಕಾರ ಅವರು ಕರ್ನಾಟಕದಲ್ಲಿ ಸಿಗಬೇಕು. ಗಣತಿದಾರರು ಆ ಹೊಲದ ತನಕ ನಡೆದು ಹೋದರೆ ಮಾತ್ರ ಸಿಗುತ್ತಾರೆ.

ಎರಡು ಸಲ ಎಣಿಕೆ ಮಾತ್ರ ಯಾವಾಗಲೂ ಮರೆವಿನಿಂದ ಆಗುವುದಲ್ಲ. ಹೆಸರು ಬಿಟ್ಟರೆ ರೇಷನ್ ಹೋಗುತ್ತದೆ ಅನ್ನುವ ಭಯಕ್ಕೆ ಊರಲ್ಲಿ ಇಲ್ಲದವರನ್ನೂ ಬರೆಸುವವರಿದ್ದಾರೆ. 1948ರ ಜನಗಣತಿ ಕಾಯ್ದೆಯಲ್ಲಿ ಒಬ್ಬೊಬ್ಬರ ಮಾಹಿತಿಯನ್ನೂ ಗುಟ್ಟಾಗಿಡಬೇಕು, ಅದನ್ನು ಸಾಕ್ಷಿಯಾಗಿ ಬಳಸುವ ಹಾಗಿಲ್ಲ ಅಂತಿದೆ. ಹಾಗಾಗಿ ಆ ಭಯಕ್ಕೆ ಕಾರಣವಿಲ್ಲ. ಆದರೆ ಇಡೀ ಊರೇ ಸೇರಿ ತಲೆ ಹೆಚ್ಚಿಸಿಕೊಂಡರೆ? ನಾಗಾಲ್ಯಾಂಡ್ ನೋಡಿ. 1991ರಲ್ಲಿ ಅಲ್ಲಿ ಸುಮಾರು 12 ಲಕ್ಷ ಜನ. 2001ರಲ್ಲಿ ಸುಮಾರು 19.9 ಲಕ್ಷ, ಅಂದರೆ ಹತ್ತು ವರ್ಷದಲ್ಲಿ ಶೇಕಡಾ 64ರಷ್ಟು ಏರಿಕೆ. ಹುಟ್ಟಿನಿಂದ ಅಷ್ಟು ಏರಲು ಸಾಧ್ಯವಿಲ್ಲ, ಅಲ್ವಾ? ಜನ ಜಾಸ್ತಿ ತೋರಿಸಿದರೆ ತಮ್ಮ ಭಾಗಕ್ಕೆ ಸೀಟು, ಅನುದಾನ ಜಾಸ್ತಿ ಅನ್ನುವ ಪೈಪೋಟಿಯಲ್ಲಿ ಊರೂರುಗಳು ಲೆಕ್ಕ ಉಬ್ಬಿಸಿದ್ದವು. ಅಲ್ಲಿನ ಸರ್ಕಾರವೇ ಆ ಅಂಕಿಯನ್ನು ಒಪ್ಪಲಿಲ್ಲ. 2011ರಲ್ಲಿ ಬಿಗಿಯಾಗಿ ಎಣಿಸಿದಾಗ ಬಂದಿದ್ದು 19.8 ಲಕ್ಷ. ಇಡೀ ದೇಶ ಬೆಳೆದ ದಶಕದಲ್ಲಿ ಆ ಒಂದು ರಾಜ್ಯದ ಜನಸಂಖ್ಯೆ ಕಡಿಮೆಯಾಗಿತ್ತು. ಜನ ಎಲ್ಲೂ ಹೋಗಿರಲಿಲ್ಲ. ಹಿಂದಿನ ಲೆಕ್ಕದಲ್ಲಿದ್ದ ಕೆಲವರು ಇರಲೇ ಇಲ್ಲ, ಅಷ್ಟೇ.

ಈ ಸಲ ಮನೆಯವರೇ ಮೊದಲು ಆನ್‌ಲೈನ್‌ನಲ್ಲಿ ವಿವರ ತುಂಬುವ ಅವಕಾಶ ಇದೆ. ಅದರಲ್ಲಿ ಒಂದು ಎಚ್ಚರ ಬೇಕು. ಅಪ್ಪ ಹಳ್ಳಿಯ ಫಾರಂನಲ್ಲಿ ಮಗನನ್ನೂ ಸೇರಿಸಿ, ಮಗ ಬೆಂಗಳೂರಿನ ಫಾರಂನಲ್ಲಿ ತಾನೂ ತುಂಬಿದರೆ ಅದೂ ಎರಡು ಎಣಿಕೆಯೇ.

ಹಾಗಾದರೆ ಎಷ್ಟು ತಪ್ಪಾಗಿದೆ ಅಂತ ಗೊತ್ತಾಗುವುದು ಹೇಗೆ? ಗಣತಿ ಮುಗಿದ ಮೇಲೆ ಕೆಲವು ಬ್ಲಾಕುಗಳನ್ನು ಆರಿಸಿ, ಬೇರೆ ಸಿಬ್ಬಂದಿಯಿಂದ ಮತ್ತೆ ಎಣಿಸುತ್ತಾರೆ. ಆಮೇಲೆ ಎರಡೂ ಪಟ್ಟಿಗಳನ್ನು ಹೆಸರು ಹೆಸರು ಹಿಡಿದು ಹೊಂದಿಸುತ್ತಾರೆ. ಒಂದು ಬ್ಲಾಕನ್ನು ಕಲ್ಪಿಸಿಕೊಳ್ಳಿ. ಗಣತಿಯಲ್ಲಿ 640 ಹೆಸರು ಇದ್ದವು. ಮರು ಎಣಿಕೆಯಲ್ಲಿ 652 ಬಂತು. ಎರಡರಲ್ಲೂ ಇರುವವರು 632. ಅಂದರೆ 20 ಜನ ಬಿಟ್ಟುಹೋಗಿದ್ದರು, 8 ಜನ ಅಲ್ಲಿ ಲೆಕ್ಕಕ್ಕೆ ಬರಬಾರದವರು ಬಂದಿದ್ದರು. 20ರಲ್ಲಿ 8 ಕಳೆದರೆ ನಿವ್ವಳ ಕೊರತೆ 12, ಸಾವಿರಕ್ಕೆ ಸುಮಾರು 18. ನೋಡಿ, ತಪ್ಪಾಗಿದ್ದು 28 ಹೆಸರು, ಕಾಣುವುದು 12 ಮಾತ್ರ. ಒಂದು ಬಗೆಯ ತಪ್ಪು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಬಿಟ್ಟುಹೋದವರು ಕೂಲಿಯವರ ಶೆಡ್ಡಿನವರು, ಎರಡು ಸಲ ಬಂದವರು ಎರಡು ಮನೆ ಇರುವವರು ಆಗಿದ್ದರೆ, ಮೊತ್ತ ಸರಿಹೋದಂತೆ ಕಂಡರೂ ಶೆಡ್ಡಿನವರಿಗೆ ಅದರಿಂದ ಏನೂ ಸಿಗುವುದಿಲ್ಲ.

2011ರಲ್ಲಿ ದೇಶದ ಮಟ್ಟಿಗೆ ಈ ನಿವ್ವಳ ಕೊರತೆ ಸಾವಿರಕ್ಕೆ 23ರಷ್ಟಿತ್ತು. 121 ಕೋಟಿಗೆ ಲೆಕ್ಕ ಹಾಕಿದರೆ ಸುಮಾರು 2.8 ಕೋಟಿ ಜನ. ಹಳ್ಳಿಗಳಿಗಿಂತ ಪಟ್ಟಣಗಳಲ್ಲಿ ಕೊರತೆ ಜಾಸ್ತಿ. ಈ ಸಂಖ್ಯೆಯನ್ನು ಯಾರೂ 121 ಕೋಟಿಗೆ ಸೇರಿಸುವುದಿಲ್ಲ. ಪ್ರಕಟವಾದ ಅಂಕಿ ಹಾಗೇ ನಿಲ್ಲುತ್ತದೆ, ವಾರ್ಡು, ಸೀಟು, ಯೋಜನೆ ಎಲ್ಲವೂ ಅದರ ಮೇಲೆಯೇ. ಇನ್ನೊಂದು ಮಿತಿಯೂ ಇದೆ. ಮರು ಎಣಿಕೆ ಮಾಡುವವರೂ ಬಾಗಿಲು ತಟ್ಟಿಯೇ ಕೇಳಬೇಕು. ಮೊದಲ ಸಲ ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೋಗಿ ಸಿಗದೇ ಇದ್ದವರು ಎರಡನೇ ಸಲವೂ ಸಿಗದೇ ಇರುವ ಸಾಧ್ಯತೆಯೇ ಹೆಚ್ಚು. ಅವರು ಆ 23ರಲ್ಲೂ ಇಲ್ಲ.